ಕೊಂಡ ಬೆಲೆಯ ಗೆರೆ

2024ನೆಯ ಇಸವಿಯ ಜೂನ್ 3ನೆಯ ತಾರೀಖು, ಸೋಮವಾರ, ನಿಫ್ಟಿ ಸೂಚ್ಯಂಕವು ಒಂದೇ ದಿನದಲ್ಲಿ ಶೇಕಡ 3.25ರಷ್ಟು ಏರಿತು. ಏರಿದ್ದು ನಿಜ, ಆದರೆ ಆ ದಿನದ ಚಾರ್ಟನ್ನು ತೆರೆದು ನೋಡುವವನಿಗೆ ಅಲ್ಲಿ ಕಾಣುವುದು ಏರಿಕೆಯನ್ನು ತೋರುವ ಹಸಿರು ಕ್ಯಾಂಡಲ್ ಅಲ್ಲ, ಇಳಿಕೆಯನ್ನು ತೋರುವ ಕೆಂಪು ಕ್ಯಾಂಡಲ್. ಇದರಲ್ಲಿ ವಿರೋಧಾಭಾಸವೇನೂ ಇಲ್ಲ. ಹಿಂದಿನ ಶುಕ್ರವಾರ ಸೂಚ್ಯಂಕವು 22,530ರಲ್ಲಿ ನಿಂತಿತ್ತು. ಶನಿವಾರ ಸಂಜೆ ಲೋಕಸಭಾ ಚುನಾವಣೆಯ ಕಡೆಯ ಹಂತದ ಮತದಾನ ಮುಗಿದೊಡನೆ ಮತಗಟ್ಟೆ ಸಮೀಕ್ಷೆಗಳು ಹೊರಬಿದ್ದು, ಆಳುವ ಪಕ್ಷಕ್ಕೆ ಭಾರೀ ಬಹುಮತ ದೊರೆಯುವುದೆಂದು ಸಾರಿದವು. ಸೋಮವಾರ ಬೆಳಗ್ಗೆ 9.15ಕ್ಕೆ ಪೇಟೆ ತೆರೆದಾಗ ಮೊದಲ ಬೆಲೆಯೇ 23,337 ಆಗಿತ್ತು. ದಿನವಿಡೀ ಅದು ಅಲ್ಲಿಂದ ಮೇಲಕ್ಕೆ ಹೋದದ್ದು ಹೆಚ್ಚೆಂದರೆ ಒಂದೆರಡು ಅಂಶ. ಸಂಜೆ ಮುಕ್ತಾಯವಾದದ್ದು 23,263ರಲ್ಲಿ. ಎಂದರೆ, ಲೋಕವೆಲ್ಲ ಮಾತನಾಡಿಕೊಂಡ ಆ ಏರಿಕೆಯು ಪೇಟೆಯ ಬಾಗಿಲು ಮುಚ್ಚಿದ್ದ ಹೊತ್ತಿನಲ್ಲಿಯೇ ನಡೆದುಹೋಗಿತ್ತು; ಬಾಗಿಲು ತೆರೆದ ಕ್ಷಣದಲ್ಲಿ ಒಳನುಗ್ಗಿದವನ ಪಾಲಿಗೆ ಅದರಲ್ಲಿ ಒಂದು ಕಾಸೂ ಉಳಿದಿರಲಿಲ್ಲ.

ಹಾಗೆ ಒಳನುಗ್ಗಿದವರಲ್ಲಿ ನನ್ನ ಸೋದರಳಿಯನೂ ಒಬ್ಬ. ದಾವಣಗೆರೆಯಲ್ಲಿ ಔಷಧದ ಅಂಗಡಿಯನ್ನಿಟ್ಟುಕೊಂಡು, ಮಾತ್ರೆಯ ಒಂದೊಂದು ಪಟ್ಟಿಯ ಅವಧಿಯನ್ನೂ ಬೆಳಕಿಗೆ ಹಿಡಿದು ಓದಿ ಗಿರಾಕಿಯ ಕೈಗೆ ಕೊಡುವ ಸ್ವಭಾವದವನು. ಮೂರು ಲಕ್ಷ ರೂಪಾಯಿ ಬಂಡವಾಳವನ್ನು ಬೇರೆಯಾಗಿ ತೆಗೆದಿರಿಸಿ, ಎರಡು ವರ್ಷಗಳಿಂದ ನಿಫ್ಟಿಯ ಫ್ಯೂಚರ್ಸ್ ವ್ಯವಹಾರವನ್ನು, ಒಂದು ಲಾಟಿಗೆ ಮೀರದಂತೆ, ಮಾಡುತ್ತಿದ್ದನು. ಫಲಿತಾಂಶ ಹೊರಬೀಳುವವರೆಗೆ ಯಾವ ವ್ಯವಹಾರಕ್ಕೂ ಕೈಹಾಕತಕ್ಕದ್ದಲ್ಲವೆಂದು ತನ್ನ ನೋಟುಪುಸ್ತಕದಲ್ಲಿ ಮೇ ತಿಂಗಳ ಕೊನೆಯಲ್ಲಿಯೇ ಬರೆದುಕೊಂಡಿದ್ದನು. ಆ ಪುಟವನ್ನು ಅವನು ನನಗೆ ಆಮೇಲೆ ತೋರಿಸಿದನು. ಭಾನುವಾರವಿಡೀ ಗೆಳೆಯರ ಗುಂಪಿನ ಸಂದೇಶಗಳು, ದೂರದರ್ಶನದ ಚರ್ಚೆಗಳು, ಸೋಮವಾರ ಪೇಟೆ ಎಲ್ಲಿ ತೆರೆದೀತೆಂಬ ಊಹೆಗಳು. ಸೋಮವಾರ ಬೆಳಗ್ಗೆ ಅವನು 23,335ರಲ್ಲಿ ಒಂದು ಲಾಟನ್ನು ಕೊಂಡನು. ಆಗಿನ ನಿಯಮದಂತೆ ನಿಫ್ಟಿಯ ಒಂದು ಲಾಟೆಂದರೆ 25; ಸೂಚ್ಯಂಕವು ಒಂದು ಅಂಶ ಸರಿದರೆ ಅವನ ಲೆಕ್ಕದಲ್ಲಿ 25 ರೂಪಾಯಿ ಸರಿಯುತ್ತಿತ್ತು. (ಫ್ಯೂಚರ್ಸಿನ ಬೆಲೆಯು ಸೂಚ್ಯಂಕಕ್ಕಿಂತ ಕೊಂಚ ಹೆಚ್ಚುಕಡಿಮೆಯಾಗಿರುತ್ತದೆ, ಲೆಕ್ಕವು ತಿಳಿಯಾಗಿರಲೆಂದು ನಾನು ಸೂಚ್ಯಂಕದ ಮಟ್ಟಗಳನ್ನೇ ಸುತ್ತುಸಂಖ್ಯೆಯಲ್ಲಿ ಹಿಡಿದಿದ್ದೇನೆ.)

ಏಕೆ ಕೊಂಡೆಯೆಂದು ಕೇಳಿದಾಗ ಅವನು ಕೊಟ್ಟ ಉತ್ತರವು ಯೋಚಿಸತಕ್ಕದ್ದಾಗಿದೆ. “ಮಾವ, ಶುಕ್ರವಾರವೇ ಕೊಂಡಿದ್ದರೆ ಎಂಟುನೂರು ಪಾಯಿಂಟು ನನ್ನದಾಗಿರುತ್ತಿತ್ತು. ಅದನ್ನು ಕಳೆದುಕೊಂಡೆನಲ್ಲ ಅಂತ ಎರಡು ರಾತ್ರಿ ನಿದ್ದೆ ಬರಲಿಲ್ಲ” ಎಂದನು. ತನ್ನ ಕೈಗೆ ಎಂದೂ ಬಾರದಿದ್ದ ಹಣವನ್ನು ಅವನು ಕಳೆದುಕೊಂಡದ್ದರ ಲೆಕ್ಕಕ್ಕೆ ಬರೆದಿದ್ದನು. ವ್ಯಾಪಾರಿಗಳ ಆಡುಮಾತಿನಲ್ಲಿ ಫೋಮೋ ಎಂದು ಕರೆಯಲ್ಪಡುವ, ಅವಕಾಶ ತಪ್ಪಿಹೋದೀತೆಂಬ ಈ ಭಯವನ್ನು ಜನ ಸಾಮಾನ್ಯವಾಗಿ ದುರಾಸೆಯೆಂದು ಭಾವಿಸುವುದುಂಟು. ನನಗೆ ಹಾಗೆ ತೋರುವುದಿಲ್ಲ. ಅದು ನಷ್ಟಾನಂತರದ ದುಃಖದ ಜಾತಿಗೇ ಸೇರಿದ್ದು. ಕೊಳ್ಳಬಹುದಾಗಿದ್ದ ಬೆಲೆಯೊಂದನ್ನು ಮನಸ್ಸಿನಲ್ಲಿ ನೆಟ್ಟುಕೊಂಡು, ಅದರಿಂದ ಈಗಿನ ಬೆಲೆಯು ಎಷ್ಟು ದೂರ ಹೋಗಿದೆಯೋ ಅಷ್ಟನ್ನೂ ತನ್ನಿಂದ ಅಪಹೃತವಾದ ಸ್ವತ್ತೆಂದು ಎಣಿಸುವ ದುಃಖ. ನಷ್ಟವಾದ ಮೇಲೆ ಹುಟ್ಟುವ ಸೇಡಿನ ವ್ಯಾಪಾರವೂ ಇದೇ ಮೂಲದ್ದೆಂಬುದೇ ಈ ಲೇಖನದಲ್ಲಿ ನಾನು ಹೇಳಬಯಸುವ ಮಾತು. ಒಂದರಲ್ಲಿ ಕೊಳ್ಳದೆ ಬಿಟ್ಟ ಬೆಲೆ, ಇನ್ನೊಂದರಲ್ಲಿ ಕೊಂಡುಬಿಟ್ಟ ಬೆಲೆ; ಎರಡೂ ಪೇಟೆಗೆ ಗೊತ್ತಿಲ್ಲದ ಬೆಲೆಗಳು. ಚಾರ್ಟಿನ ಮೇಲೆ ಇಲ್ಲದ ಆ ಗೆರೆಯನ್ನು ನೋಡುವವನು ತಾನೇ ಎಳೆದು, ಆಮೇಲೆ ಅದರ ಮೂಲಕವೇ ಉಳಿದುದನ್ನೆಲ್ಲ ಓದುತ್ತಾನೆ.

ಮಂಗಳವಾರ, ಮತ ಎಣಿಕೆಯ ದಿನ, ಸೂಚ್ಯಂಕವು 23,179ರಲ್ಲಿ ತೆರೆದು ಕೆಳಮುಖವಾಯಿತು. ಸೋಮವಾರದ ಕನಿಷ್ಠ ಬೆಲೆ 23,062 ಆಗಿದ್ದುದರಿಂದ ನನ್ನ ಅಳಿಯನು ಅದರ ಕೆಳಗೆ, 23,060ಕ್ಕೆ, ಸ್ಟಾಪ್‌ಲಾಸ್ ಇಟ್ಟಿದ್ದನು; ಅದು ಸಮಂಜಸವಾದ ಸ್ಥಳವೇ ಆಗಿತ್ತು, ಏಕೆಂದರೆ ಹೊಸದಾಗಿ ಕೊಂಡವರ ಉತ್ಸಾಹವು ಇನ್ನೂ ಉಳಿದಿದ್ದರೆ ಬೆಲೆಯು ಅಲ್ಲಿಗಿಂತ ಕೆಳಗೆ ಹೋಗಬೇಕಾದ ಕಾರಣವಿರಲಿಲ್ಲ, ಹೋದರೆ ಅವನ ಊಹೆಯೇ ತಪ್ಪೆಂದು ತೀರ್ಮಾನವಾಗುತ್ತಿತ್ತು. ಆ ಮಟ್ಟದಲ್ಲಿ ಮಾರಿದ್ದರೆ ನಷ್ಟವು ಸುಮಾರು 6,900 ರೂಪಾಯಿ. ಬಂಡವಾಳದ ಶೇಕಡ ಎರಡೂಕಾಲಿನಷ್ಟು. ಬೆಲೆಯು ಅದರ ಹತ್ತಿರ ಬಂದಾಗ ಅವನು ಸ್ಟಾಪ್‌ಲಾಸನ್ನು ತೆಗೆದುಹಾಕಿದನು.

ಇಲ್ಲಿಂದ ಮುಂದಿನ ಒಂದೆರಡು ಗಂಟೆಗಳಲ್ಲಿ ಅವನ ಕಣ್ಣಿಗೆ ಏನಾಯಿತೆಂಬುದನ್ನು ಸಾವಕಾಶವಾಗಿ ನೋಡಬೇಕು. ಅವನು ವಾಡಿಕೆಯಾಗಿ ನೋಡುತ್ತಿದ್ದುದು ಹದಿನೈದು ನಿಮಿಷದ ಚಾರ್ಟು. ಅದರಲ್ಲಿ ಇಳಿಕೆಯು ನಿಸ್ಸಂದಿಗ್ಧವಾಗಿದ್ದಿತು. ಒಂದರ ಕೆಳಗೊಂದು ಉದ್ದುದ್ದನೆಯ ಕೆಂಪು ಕ್ಯಾಂಡಲ್‌ಗಳು. ಅವನು ಐದು ನಿಮಿಷದ ಚಾರ್ಟಿಗೆ ಬಂದನು, ಅಲ್ಲಿಂದ ಒಂದು ನಿಮಿಷದ್ದಕ್ಕೆ ಇಳಿದನು. ಕಾಲಾವಧಿಯನ್ನು ಕಿರಿದುಗೊಳಿಸುತ್ತ ಹೋದಂತೆ ಎಂತಹ ಪ್ರಪಾತದಲ್ಲಿಯೂ ಎರಡು ಮೂರು ಹಸಿರು ಕ್ಯಾಂಡಲ್‌ಗಳು ಸಿಕ್ಕೇ ಸಿಗುತ್ತವೆ. ಬೀಳುವ ಕಲ್ಲು ಮೆಟ್ಟಿಲ ಮೇಲೆ ಪುಟಿಯುವಂತೆ ಬೆಲೆಯೂ ಇಳಿಯುವಾಗ ಪುಟಿಯುತ್ತದೆ. ಆ ಪುಟಿತವನ್ನು ಅವನು ತಿರುವೆಂದು ಓದಿದನು. ಆಧಾರಮಟ್ಟದ ಗೆರೆಯನ್ನು 23,060ರಿಂದ ಅಳಿಸಿ 22,800ಕ್ಕೆ ಎಳೆದನು. ಅದೂ ಮುರಿದಾಗ, ಶುಕ್ರವಾರದ ಮುಕ್ತಾಯವಾದ 22,530ಕ್ಕೆ ಬಂದು, ಸೋಮವಾರ ಬಿಟ್ಟುಹೋದ ಅಂತರವು ಅಲ್ಲಿಗೆ ಭರ್ತಿಯಾಗುವುದರಿಂದ ಬೆಲೆಯು ಅಲ್ಲಿಂದ ಎದ್ದೇ ಏಳುವುದೆಂದು ವಾದಿಸಿಕೊಂಡನು. ಈ ಕಡೆಯ ಗೆರೆಯು ಚಾರ್ಟಿನ ಶಾಸ್ತ್ರದಲ್ಲಿ ಅಸಂಬದ್ಧವೇನಲ್ಲ. ಆದರೆ ಸೋಮವಾರ ಬೆಳಗ್ಗೆ 23,335ರಲ್ಲಿ ಕೊಳ್ಳುವಾಗ ಅವನಿಗೆ ಆ ಗೆರೆಯ ಸ್ಮರಣೆಯೇ ಇರಲಿಲ್ಲ. ಇದ್ದಿದ್ದರೆ ಎಂಟುನೂರು ಅಂಶ ಮೇಲೆ ನಿಂತು ಕೊಳ್ಳುತ್ತಲೂ ಇರಲಿಲ್ಲ. ನೆಲೆಯೊಂದು ಮೊದಲು ಇದ್ದು ಅದನ್ನು ನೋಡಿ ವ್ಯವಹಾರ ಮಾಡುವುದು ಒಂದು ರೀತಿ; ವ್ಯವಹಾರವು ಕೆಟ್ಟ ಮೇಲೆ ಅದನ್ನು ಉಳಿಸಿಕೊಳ್ಳುವುದಕ್ಕಾಗಿ ನೆಲೆಯೊಂದನ್ನು ಹುಡುಕಿ ತರುವುದು ಇನ್ನೊಂದು. ಎರಡು ಸಂದರ್ಭಗಳಲ್ಲಿಯೂ ಪರದೆಯ ಮೇಲೆ ಕಾಣುವುದು ಅದೇ ಅಡ್ಡಗೆರೆಯಾದ್ದರಿಂದ, ಎಳೆದವನಿಗೇ ವ್ಯತ್ಯಾಸವು ತಿಳಿಯದೆ ಹೋಗುತ್ತದೆ.

ಇನ್ನೊಂದು ಸೂಕ್ಷ್ಮವಾದ ತಪ್ಪು ಕ್ಯಾಂಡಲ್‌ಗೆ ಸಂಬಂಧಿಸಿದ್ದು. ಹದಿನೈದು ನಿಮಿಷದ ಕ್ಯಾಂಡಲ್ ಹದಿನೈದು ನಿಮಿಷ ತುಂಬಿದ ಮೇಲಲ್ಲದೆ ಕ್ಯಾಂಡಲ್ ಆಗುವುದಿಲ್ಲ. ಅಲ್ಲಿಯವರೆಗೆ ಅದರ ಒಡಲೂ ಬಾಲವೂ ಅರೆಬೆಂದ ಸ್ಥಿತಿಯಲ್ಲಿ ಹಿಗ್ಗುತ್ತ ಕುಗ್ಗುತ್ತ ಇರುತ್ತವೆ. ಏಳನೆಯ ನಿಮಿಷದಲ್ಲಿ ಕೆಳಗೆ ಉದ್ದನೆಯ ಬಾಲ, ಮೇಲೆ ಪುಟ್ಟ ಒಡಲು ಕಂಡೊಡನೆ ಅದು ಸುತ್ತಿಗೆಯೆಂದು, ಹ್ಯಾಮರ್ ಎಂದು, ಇಳಿಕೆಯ ಅಂತ್ಯಸೂಚಕವೆಂದು ಅವನು ನಿಶ್ಚಯಿಸಿದನಂತೆ. ಹದಿನೈದನೆಯ ನಿಮಿಷಕ್ಕೆ ಆ ಸುತ್ತಿಗೆಯು ತುದಿಯಿಂದ ಬುಡದವರೆಗೆ ಕೆಂಪಾಗಿತ್ತು. ಶಾಂತಚಿತ್ತನಾಗಿದ್ದ ದಿನಗಳಲ್ಲಿ ಕ್ಯಾಂಡಲ್ ಮುಗಿಯುವವರೆಗೆ ಕಾಯತಕ್ಕದ್ದೆಂಬ ನಿಯಮವನ್ನು ಅವನು ಎಂದೂ ಮೀರಿದವನಲ್ಲ. 1959ರಲ್ಲಿ ಹ್ಯಾರಿ ರಾಬರ್ಟ್ಸ್ ಎಂಬ ಸಂಖ್ಯಾಶಾಸ್ತ್ರಜ್ಞನು ಯಾದೃಚ್ಛಿಕ ಸಂಖ್ಯೆಗಳನ್ನು ಒಂದಕ್ಕೊಂದು ಕೂಡಿಸುತ್ತ ಹೋಗಿ ನಕ್ಷೆ ಬರೆದು, ಅದರಲ್ಲಿಯೂ ಷೇರುಪೇಟೆಯ ಚಾರ್ಟುಗಳಲ್ಲಿ ಪಂಡಿತರು ಗುರುತಿಸುವ ಆಕೃತಿಗಳೇ ಮೂಡುವುದನ್ನು ತೋರಿಸಿದ್ದನು. ಆಕೃತಿಗಳು ಎಲ್ಲ ಕಾಲದಲ್ಲಿಯೂ ಯಥೇಷ್ಟವಾಗಿ ದೊರೆಯುತ್ತವೆ. ಅವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕೆಂಬುದನ್ನು ನಷ್ಟದ ಸಂಕಟವು ನಿರ್ಧರಿಸುವಂತಾದಾಗ ಓದುವಿಕೆಯು ಓದುವಿಕೆಯಾಗಿ ಉಳಿಯುವುದಿಲ್ಲ.

ಇಂತಹ ಸ್ಥಿತಿಯಲ್ಲಿ ಮನುಷ್ಯನು ಭಯದಿಂದ ಹಿಂಜರಿಯುವುದಿಲ್ಲ, ಸಾಹಸಕ್ಕೆ ಬೀಳುತ್ತಾನೆ ಎಂಬುದು ಮೊದಲ ನೋಟಕ್ಕೆ ವಿಚಿತ್ರವಾಗಿ ತೋರಬಹುದು. ಇದರ ಕಾರಣವನ್ನು ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಒಂದು ಸರಳವಾದ ಪ್ರಶ್ನೆಯ ಮೂಲಕ ತೋರಿಸಿಕೊಟ್ಟರು. ಖಂಡಿತವಾಗಿ 3,000 ಕಳೆದುಕೊಳ್ಳುವುದು ಒಂದು ಕಡೆ. ನೂರಕ್ಕೆ ಎಂಬತ್ತು ಪಾಲು 4,000 ಕಳೆದುಕೊಂಡು, ಇಪ್ಪತ್ತು ಪಾಲು ಏನನ್ನೂ ಕಳೆದುಕೊಳ್ಳದೆ ಪಾರಾಗುವ ಸಂಭವ ಇನ್ನೊಂದು ಕಡೆ. ಸರಾಸರಿ ಹಿಡಿದರೆ ಎರಡನೆಯದರ ನಷ್ಟ 3,200. ಆದ್ದರಿಂದ ಮೊದಲನೆಯದೇ ಮೇಲು. ಆದರೂ ಉತ್ತರ ಕೊಟ್ಟವರಲ್ಲಿ ಶೇಕಡ 92 ಮಂದಿ ಎರಡನೆಯದನ್ನು ಆರಿಸಿದರು. ಇದೇ ಮೊತ್ತಗಳನ್ನು ಲಾಭವಾಗಿ ಬದಲಾಯಿಸಿ ಕೇಳಿದಾಗ ಶೇಕಡ 80 ಮಂದಿ ಖಂಡಿತವಾದ 3,000ಕ್ಕೇ ಕೈಚಾಚಿದರು. ಇಲ್ಲಿ ಬದಲಾದದ್ದು ಲೆಕ್ಕವಲ್ಲ, ಶೂನ್ಯವು ಎಲ್ಲಿದೆಯೆಂಬ ಭಾವನೆ. ಶೂನ್ಯದ ಕೆಳಗಿದ್ದೇನೆಂದು ತಿಳಿದವನಿಗೆ, ಪೂರ್ತಿಯಾಗಿ ಪಾರಾಗುವ ಇಪ್ಪತ್ತು ಪಾಲಿನ ಆಸೆಯು ಎಂಬತ್ತು ಪಾಲಿನ ಅಪಾಯವನ್ನು ಮರೆಸಿಬಿಡುತ್ತದೆ. ಸ್ಟಾಪ್‌ಲಾಸನ್ನು ತೆಗೆಯುವ ಬೆರಳು ಮಾಡುವ ಆಯ್ಕೆ ಇದೇ. ನನ್ನ ಅಳಿಯನ ಶೂನ್ಯವು 23,335ರಲ್ಲಿತ್ತು. ಅಲ್ಲಿಗೆ ಮರಳುವುದೊಂದೇ ಅವನಿಗೆ ಬೇಕಾಗಿತ್ತು; ಪೇಟೆಯು ಮುಂದೆ ಯಾವ ದಿಕ್ಕಿಗೆ ಹೋದೀತೆಂಬ ಪ್ರಶ್ನೆಯು ಅವನ ಮನಸ್ಸಿನಿಂದ ಆಗಲೇ ಜಾರಿಹೋಗಿತ್ತು.

22,400ರಲ್ಲಿ ಅವನು ಕಡೆಗೂ ಮಾರಿದನು. ನಷ್ಟವು 23,375 ರೂಪಾಯಿ. ವ್ಯವಹಾರ ಅಲ್ಲಿಗೆ ಮುಗಿಯಬಹುದಾಗಿತ್ತು. ಸೂಚ್ಯಂಕವು ಇನ್ನೂ ಒಂದು ಸಾವಿರ ಅಂಶ ಕುಸಿದು 21,400ರ ಸುತ್ತ ತೂಗಾಡುತ್ತಿದ್ದಾಗ ಅವನು ಎರಡು ಲಾಟನ್ನು ಶಾರ್ಟ್ ಮಾಡಿದನು. ಎಂದರೆ, ಕೈಯಲ್ಲಿಲ್ಲದ್ದನ್ನು ಮುಂಚಿತವಾಗಿ ಮಾರಿ, ಬೆಲೆಯಿಳಿದ ಮೇಲೆ ಕೊಂಡು ತುಂಬಿಕೊಡುವ ವ್ಯವಹಾರಕ್ಕೆ ಇಳಿದನು. ಒಂದು ಲಾಟಿಗೆ ಮೀರಿದವನಲ್ಲದ ಅವನು ಎರಡಕ್ಕೆ ಹೋದದ್ದೇಕೆ? ಏಕೆಂದರೆ 23,375 ರೂಪಾಯಿಯನ್ನು ಒಂದು ಲಾಟಿನಿಂದ ಮರಳಿ ಪಡೆಯಬೇಕಾದರೆ ಸೂಚ್ಯಂಕವು ಇನ್ನೂ 935 ಅಂಶ ಬೀಳಬೇಕಾಗಿತ್ತು. ಎರಡರಿಂದಾದರೆ 468 ಸಾಕು. ಪ್ರಮಾಣವನ್ನು ನಿಶ್ಚಯಿಸಿದ್ದು ಚಾರ್ಟಲ್ಲ, ಹಳೆಯ ಬಾಕಿ. ನಾನು ಸೇಡಿನ ವ್ಯಾಪಾರವೆಂದು ಕರೆಯುವುದು ಇದನ್ನು. ಕೋಪವು ಕಾಣಬೇಕೆಂದಿಲ್ಲ, ಮುಖ ಶಾಂತವಾಗಿಯೇ ಇದ್ದೀತು, ಕೈ ನಡುಗದಿದ್ದೀತು. ಹೊಸ ವ್ಯವಹಾರದ ಗಾತ್ರವೂ ಗುರಿಯೂ ಹಿಂದಿನ ನಷ್ಟದ ಮೊತ್ತದಿಂದ ಹುಟ್ಟಿದ್ದರೆ ಅದು ಸೇಡಿನದು. ಇದರ ಜೊತೆಗೆ ಫೋಮೋ ಕೂಡ ಸೇರಿಕೊಂಡಿತ್ತೆಂಬುದನ್ನು ಗಮನಿಸಬೇಕು: 22,400ರಲ್ಲಿಯೇ ತಿರುಗಿ ಶಾರ್ಟ್ ಮಾಡಿದ್ದರೆ ಸಾವಿರ ಅಂಶ ಸಿಕ್ಕುತ್ತಿತ್ತಲ್ಲ ಎಂಬ, ಮತ್ತೊಂದು ಕೊಳ್ಳದ ಬೆಲೆಯ ಅಳಲು. ಸೋಮವಾರ ಏರಿಕೆ ಮುಗಿದ ಮೇಲೆ ಕೊಂಡಂತೆ, ಮಂಗಳವಾರ ಇಳಿಕೆ ಮುಗಿಯುತ್ತ ಬಂದ ಮೇಲೆ ಮಾರಿದನು. ಆ ದಿನದ ಕನಿಷ್ಠ ಬೆಲೆ 21,281, ಮುಕ್ತಾಯ 21,884. ಬುಧವಾರ ಬೆಳಗ್ಗೆ ಸೂಚ್ಯಂಕವು 22,128ರಲ್ಲಿ ತೆರೆದಾಗ ಅವನು 22,130ರಲ್ಲಿ ಕೊಂಡು ಶಾರ್ಟನ್ನು ಮುಗಿಸಿದನು. ನಷ್ಟವು 36,500. ಎರಡೂ ಕೂಡಿ 59,875. ಮೂರು ಲಕ್ಷದಲ್ಲಿ ಐದನೆಯ ಒಂದು ಪಾಲು. ಇಷ್ಟನ್ನು ಮರಳಿ ಪಡೆಯಬೇಕಾದರೆ ಉಳಿದ ಹಣದ ಮೇಲೆ ಶೇಕಡ 25ರಷ್ಟು ಗಳಿಸಬೇಕು, ಇಪ್ಪತ್ತಲ್ಲ.

ಇದು ಅನನುಭವಿಗಳ ದೌರ್ಬಲ್ಯವೆಂದು ಭಾವಿಸಲಾಗದು. ಷಿಕಾಗೋ ನಗರದ ಬೋರ್ಡ್ ಆಫ್ ಟ್ರೇಡ್‌ನಲ್ಲಿ ಸರ್ಕಾರಿ ಬಾಂಡುಗಳ ಫ್ಯೂಚರ್ಸ್ ವ್ಯವಹಾರವನ್ನೇ ವೃತ್ತಿಯಾಗಿಟ್ಟುಕೊಂಡವರನ್ನು ಕುರಿತು ಜೋಷುವಾ ಕೋವಲ್ ಮತ್ತು ಟೈಲರ್ ಷಮ್‌ವೇ ಎಂಬ ಅರ್ಥಶಾಸ್ತ್ರಜ್ಞರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆಳಗ್ಗೆ ನಷ್ಟಕ್ಕೊಳಗಾದವರು ಮಧ್ಯಾಹ್ನ ಹೆಚ್ಚಿನ ಅಪಾಯಕ್ಕೆ ಕೈಹಾಕುತ್ತಿದ್ದರೆಂದೂ, ಹಾಗೆ ಅವರು ತೆತ್ತ ಬೆಲೆಗಳು ಬೇಗನೆ ಹಿಂದಕ್ಕೆ ಸರಿಯುತ್ತಿದ್ದುವೆಂದೂ ಕಂಡುಬಂದಿತು. ಎಂದರೆ ಅವಸರದವನು ಕೊಡುವ ಅತಿಬೆಲೆಯನ್ನು ಎದುರಿಗೆ ನಿಂತ ಸಮಾಧಾನಿಯು ಜೇಬಿಗಿಳಿಸುತ್ತಿದ್ದನು. ಆದರೆ ಇದಕ್ಕೆ ವಿರುದ್ಧವೆಂಬಂತೆ ತೋರುವ ಫಲಿತಾಂಶವೂ ಉಂಟು. ನಷ್ಟವು ಕಾಗದದ ಮೇಲಷ್ಟೇ ಇದ್ದಾಗ ಮಂದಿ ಹೆಚ್ಚಿನ ಸಾಹಸಕ್ಕೆ ಇಳಿಯುತ್ತಾರೆ, ನಷ್ಟವನ್ನು ನಿಜವಾಗಿ ಕೈಯಿಂದ ತೆತ್ತ ಮೇಲೆ ಮೊದಲಿಗಿಂತ ಜಾಗರೂಕರಾಗುತ್ತಾರೆ ಎಂದು ಅಲೆಕ್ಸ್ ಇಮಾಸ್ 2016ರಲ್ಲಿ ಪ್ರಯೋಗಗಳಿಂದ ತೋರಿಸಿದನು. ಹಾಗಾದರೆ 22,400ರಲ್ಲಿ ಮಾರಿ ನಷ್ಟವನ್ನು ತೆತ್ತ ನನ್ನ ಅಳಿಯನು ಶಾಂತನಾಗಬೇಕಾಗಿತ್ತಲ್ಲವೆ? ಈ ಪ್ರಶ್ನೆಯನ್ನು ನಾನು ಬಹುಕಾಲ ಯೋಚಿಸಿದ್ದೇನೆ. ವ್ಯವಹಾರವು ಮುಗಿದಿತ್ತು, ಆದರೆ ಅವನ ಮನಸ್ಸಿನ ಖಾತೆಯು ಮುಗಿದಿರಲಿಲ್ಲ ಎಂಬುದೇ ನನಗೆ ತೋರುವ ಉತ್ತರ. ಪರದೆಯ ಮೂಲೆಯಲ್ಲಿ ಆ ದಿನದ ಒಟ್ಟು ಲಾಭನಷ್ಟವು ಕೆಂಪಕ್ಷರದಲ್ಲಿ ನಿಂತೇ ಇತ್ತು. ಮೂರೂವರೆ ಗಂಟೆಗೆ ಪೇಟೆ ಮುಚ್ಚುವವರೆಗೆ ಅದು ತಿದ್ದಬಹುದಾದ ಅಂಕಿಯೆಂದೇ ಅವನು ಭಾವಿಸಿದ್ದನು. ದಿನವನ್ನು ಒಂದು ಖಾತೆಯೆಂದು ತಿಳಿದವನಿಗೆ ಮಾರಿದ ನಷ್ಟವೂ ಕಾಗದದ ನಷ್ಟವೇ. ನಷ್ಟವಾದೊಡನೆ ಪರದೆಯನ್ನು ಮುಚ್ಚಿ ಎದ್ದುಹೋಗಬೇಕೆಂದು ಹಳಬರು ಹೇಳುವ ಮಾತಿನ ತಿರುಳು ವಿಶ್ರಾಂತಿಯಲ್ಲ, ಈ ಖಾತೆಗೆ ಗೆರೆಯೆಳೆಯುವುದೇ ಎಂದು ನನಗನ್ನಿಸುತ್ತದೆ.

ಇಲ್ಲಿ ಎರಡು ಆಕ್ಷೇಪಗಳಿಗೆ ಉತ್ತರ ಕೊಡಬೇಕಾಗಿದೆ. ಕೊಂಡ ಬೆಲೆಯು ಪೇಟೆಗೆ ಗೊತ್ತಿಲ್ಲವೆಂದೆನಲ್ಲ. ಆದರೆ ಲಕ್ಷಾಂತರ ಮಂದಿ ಒಂದೇ ಬೆಲೆಯಲ್ಲಿ ಕೊಂಡಿದ್ದರೆ, ಬೆಲೆಯು ಅಲ್ಲಿಗೆ ಮರಳಿದಾಗ ಅಸಲು ಬಂದಿತೆಂದು ಅವರೆಲ್ಲ ಮಾರಲು ತೊಡಗುವುದರಿಂದ ಅದು ತಡೆಮಟ್ಟವಾಗುವುದಿಲ್ಲವೆ? ಆಗಬಹುದು. ಚಾರ್ಟಿನ ಮೇಲಿನ ಹಳೆಯ ಶಿಖರಗಳಿಗೆ ಅರ್ಥವಿದ್ದರೆ ಅದು ಬಹುಮಟ್ಟಿಗೆ ಈ ಕಾರಣದಿಂದಲೇ. ಆದರೆ ಆ ಅರ್ಥವು ಗುಂಪಿನ ಬೆಲೆಗೆ ಸೇರಿದ್ದು, ಅದೂ ಅಲ್ಲಿ ಮಾರಾಟದ ಒತ್ತಡವನ್ನು ಸೂಚಿಸುವಂಥದು. ನನ್ನೊಬ್ಬನ 25 ಘಟಕಗಳ ಬೆಲೆಯು ಅಲ್ಲಿಗೆ ಪೇಟೆಯನ್ನು ಎಳೆದು ತರುವ ಶಕ್ತಿಯನ್ನು ಪಡೆಯುವುದಿಲ್ಲ. ಇನ್ನೊಂದು ಆಕ್ಷೇಪ ಹೆಚ್ಚು ಆಕರ್ಷಕವಾದದ್ದು, ಆದ್ದರಿಂದ ಹೆಚ್ಚು ಅಪಾಯಕರವಾದದ್ದು. ಶುಕ್ರವಾರ, ಜೂನ್ 7ರಂದು, ಸೂಚ್ಯಂಕವು 23,290ರಲ್ಲಿ ಮುಕ್ತಾಯವಾಯಿತು. ನನ್ನ ಅಳಿಯನು ಏನನ್ನೂ ಮಾಡದೆ ಆ ಒಂದು ಲಾಟನ್ನು ಹಿಡಿದು ಕೂತಿದ್ದರೆ ಅವನ ನಷ್ಟವು ಸುಮಾರು 1,100 ರೂಪಾಯಿ ಮಾತ್ರವಾಗುತ್ತಿತ್ತು. ಇದರಿಂದ, ಸ್ಟಾಪ್‌ಲಾಸ್ ತೆಗೆದದ್ದೇ ಸರಿ, ಮಾರಿದ್ದೇ ತಪ್ಪು ಎಂಬ ಪಾಠವನ್ನು ಕಲಿಯುವವರುಂಟು. ಅವನೇ ಕೆಲಕಾಲ ಹಾಗೆ ಕಲಿತಿದ್ದನು. ಮಂಗಳವಾರ ಮಧ್ಯಾಹ್ನ 21,281ರಲ್ಲಿ ಕೂತವನಿಗೆ ಶುಕ್ರವಾರವು ತಿಳಿದಿರಲಿಲ್ಲವೆಂಬುದನ್ನು ಈ ಪಾಠವು ಮರೆಯುತ್ತದೆ. ಆ ಹೊತ್ತಿಗೆ ಒಂದು ಲಾಟಿನ ನಷ್ಟವೇ 51,000 ದಾಟಿತ್ತು. ಬೆಲೆಯು ಅಲ್ಲಿಂದ ಇನ್ನೂ ಎರಡು ಸಾವಿರ ಅಂಶ ಬಿದ್ದಿದ್ದರೆ ಇದೇ ಕೂತಿರುವಿಕೆಯು ಬಂಡವಾಳದ ಮೂರನೆಯ ಒಂದು ಪಾಲನ್ನು ನುಂಗುತ್ತಿತ್ತು. ಅದೃಷ್ಟವಶಾತ್ ಮರಳಿ ಬಂದ ಬೆಲೆಯಿಂದ ಕಲಿತ ಪಾಠವು, ಮರಳಿ ಬಾರದ ಬೆಲೆಯ ದಿನ ಮನುಷ್ಯನನ್ನು ಪೂರ್ತಿ ಮುಳುಗಿಸುತ್ತದೆ.

ಹೀಗಿರುವಲ್ಲಿ, ತಾನು ಸೇಡಿನಿಂದ ವ್ಯವಹರಿಸುತ್ತಿದ್ದೇನೆಯೆ ಎಂಬುದನ್ನು ಒಬ್ಬನು ತಿಳಿಯುವುದು ಹೇಗೆ? ಆತ್ಮಪರೀಕ್ಷೆಯಿಂದ ಎನ್ನುವವರನ್ನು ನಾನು ಒಪ್ಪುವುದಿಲ್ಲ. ಆ ಹೊತ್ತಿನಲ್ಲಿ ಪರೀಕ್ಷಿಸಬೇಕಾದ ಮನಸ್ಸೇ ಪರೀಕ್ಷಕನ ಪೀಠದಲ್ಲಿ ಕುಳಿತಿರುತ್ತದೆ. ಪುಸ್ತಕದಿಂದ ತಿಳಿಯಬೇಕು. ಬ್ರೋಕರ್ ಕಳುಹಿಸುವ ವ್ಯವಹಾರಪಟ್ಟಿಯಲ್ಲಿ ಪ್ರತಿಯೊಂದು ಕೊಳ್ಳುವಿಕೆಯ, ಮಾರುವಿಕೆಯ ವೇಳೆಯೂ ಪ್ರಮಾಣವೂ ಇರುತ್ತವೆ. ಅಳಿಯನೂ ನಾನೂ ಒಂದು ಭಾನುವಾರ ಅವನ ಹಿಂದಿನ ಒಂದು ವರ್ಷದ ಪಟ್ಟಿಯನ್ನು ಹಿಡಿದು ಕುಳಿತು, ಲಾಭದ ಬೆನ್ನಿಗೆ ಬಂದ ವ್ಯವಹಾರಗಳನ್ನು ಒಂದು ಕಡೆ, ನಷ್ಟದ ಬೆನ್ನಿಗೆ ಬಂದವುಗಳನ್ನು ಇನ್ನೊಂದು ಕಡೆ ಬರೆದೆವು. ನೋಡಿದ್ದು ಎರಡೇ ಸಂಗತಿ: ಹಿಂದಿನದು ಮುಗಿದು ಮುಂದಿನದು ತೊಡಗುವವರೆಗೆ ಎಷ್ಟು ನಿಮಿಷ ಕಳೆಯಿತು, ಅದರ ಗಾತ್ರವೆಷ್ಟು. ಲಾಭದ ಬೆನ್ನಿನವು ಮರುದಿನವೋ ಮೂರನೆಯ ದಿನವೋ ಬಂದಿದ್ದುವು. ನಷ್ಟದ ಬೆನ್ನಿನವುಗಳಲ್ಲಿ ಬಹುಪಾಲು ಅರ್ಧ ಗಂಟೆಯೊಳಗೆ ಬಂದಿದ್ದುವು. ಪೇಟೆಯು ನಮ್ಮ ನಷ್ಟವನ್ನು ಅರಿಯದಾದ್ದರಿಂದ, ಒಳ್ಳೆಯ ಅವಕಾಶಗಳು ನಮ್ಮ ನಷ್ಟದ ಬೆನ್ನಿಗೇ ಹೆಚ್ಚಾಗಿ ಬರುವುದಕ್ಕೆ ಕಾರಣವಿಲ್ಲ. ಆ ನಿಮಿಷಗಳ ವ್ಯತ್ಯಾಸವು ಚಾರ್ಟಿನಿಂದ ಬಂದುದಲ್ಲ. ಅವನು ಆ ಹಾಳೆಯನ್ನು ಬಹಳ ಹೊತ್ತು ನೋಡಿದನು. “ಅಂಗಡಿಯಲ್ಲಿ ಒಂದು ಪೆಟ್ಟಿಗೆ ಮಾಲು ಕೆಟ್ಟುಹೋದರೆ, ಅರ್ಧ ಗಂಟೆಯಲ್ಲಿ ಎರಡು ಪೆಟ್ಟಿಗೆ ತರಿಸುತ್ತೇನೆಯೇ ನಾನು?” ಎಂದನು.

ಅಂದಿನಿಂದ ಅವನು ಕೆಲವು ಏರ್ಪಾಡುಗಳನ್ನು ಮಾಡಿಕೊಂಡನು. ಆಧಾರಮಟ್ಟದ ಗೆರೆಗಳನ್ನು ಪೇಟೆ ತೆರೆಯುವ ಮೊದಲೇ ಎಳೆದು, ವ್ಯವಹಾರವು ನಡೆಯುವಷ್ಟು ಹೊತ್ತು ಅವುಗಳನ್ನು ಮುಟ್ಟುವುದಿಲ್ಲ. ಚಾರ್ಟಿನ ಮೇಲೆ ತಂತ್ರಾಂಶವು ತಾನಾಗಿ ತೋರಿಸುವ ತನ್ನ ಕೊಂಡ ಬೆಲೆಯ ಗೆರೆಯನ್ನೂ, ಮೂಲೆಯ ಲಾಭನಷ್ಟದ ಅಂಕಿಯನ್ನೂ ಮರೆಮಾಡಿದ್ದಾನೆ. ದಿನಕ್ಕೆ 6,000 ರೂಪಾಯಿ ನಷ್ಟವಾದರೆ ಅಂದಿನ ವ್ಯವಹಾರ ಮುಗಿಯಿತು. ಕೆಲವು ಬ್ರೋಕರ್‌ಗಳು ಫ್ಯೂಚರ್ಸ್ ವಿಭಾಗವನ್ನೇ ಕೆಲ ಗಂಟೆಗಳ ಕಾಲ ಗಿರಾಕಿಯು ತಾನೇ ಬೀಗ ಹಾಕಿಕೊಳ್ಳುವ ಅನುಕೂಲವನ್ನು ಕೊಟ್ಟಿರುವುದರಿಂದ, ಆ ಬೀಗವನ್ನು ಅವನು ಬಳಸುತ್ತಾನೆ. ಲಾಟಿನ ಸಂಖ್ಯೆಯನ್ನು ತಿಂಗಳ ಮೊದಲ ದಿನವಷ್ಟೇ ಬದಲಾಯಿಸುತ್ತಾನೆ. ಇವೆಲ್ಲ ಉಪಯುಕ್ತವೆಂದೇ ನನ್ನ ಅಭಿಪ್ರಾಯ. ಆದರೆ ಇವುಗಳ ಮಿತಿಯನ್ನು ಅವನಿಗೂ ಹೇಳಿದ್ದೇನೆ, ಇಲ್ಲಿಯೂ ಹೇಳಬೇಕು. ನಷ್ಟವನ್ನು ಬೆಳೆಯಗೊಡದಿರುವುದು ಒಂದು ವಿದ್ಯೆ, ಲಾಭವನ್ನು ಹುಟ್ಟಿಸುವುದು ಬೇರೊಂದು. ಮೊದಲನೆಯದರಿಂದ ಎರಡನೆಯದು ತಾನಾಗಿ ಬರುವುದಿಲ್ಲ. ಸೆಬಿಯು 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರ ಮಾಡಿದ ಒಂದು ಕೋಟಿಗೂ ಮಿಕ್ಕ ವ್ಯಕ್ತಿಗಳಲ್ಲಿ ಶೇಕಡ 93 ಮಂದಿ ನಷ್ಟಕ್ಕೊಳಗಾದರು. ಒಟ್ಟು ನಷ್ಟವು 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಇವರೆಲ್ಲ ಕೋಪತಾಪಗಳಿಗೆ ತುತ್ತಾದವರೇ ಆಗಿರಲಾರರು. ದಲ್ಲಾಳಿ, ತೆರಿಗೆ, ಶುಲ್ಕಗಳನ್ನು ತೆತ್ತು ಶಾಂತವಾಗಿಯೇ ಸೋತವರು ಎಷ್ಟೋ ಮಂದಿ ಇದ್ದಾರು. ಆದರೆ ಅದೇ ವರದಿಯಲ್ಲಿ, ಸತತ ಎರಡು ವರ್ಷ ನಷ್ಟಪಟ್ಟವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮಂದಿ ವ್ಯವಹಾರವನ್ನು ಮುಂದುವರಿಸಿದರೆಂಬ ಮಾತೂ ಉಂಟು, ಮತ್ತು ನನ್ನನ್ನು ಹೆಚ್ಚಾಗಿ ಕಾಡುವುದು ಆ ಅಂಕಿಯೇ. ಒಂದು ದಿನದ ಖಾತೆಯನ್ನು ಮುಚ್ಚಲಾರದ ಮನಸ್ಸು ಎರಡು ವರ್ಷದ ಖಾತೆಯನ್ನೂ ಮುಚ್ಚಲಾರದೆ ಹೋಗುತ್ತದೆ. ಅಷ್ಟನ್ನು ಮರಳಿ ಪಡೆದ ಮೇಲೆ ಬಿಡುತ್ತೇನೆಂಬ ಮಾತನ್ನು ನಾನು ಒಬ್ಬನ ಬಾಯಿಂದಷ್ಟೇ ಕೇಳಿದ್ದಲ್ಲ.

ಮೊನ್ನೆ ಅವನು ಮನೆಗೆ ಬಂದಿದ್ದಾಗ ಆ ಜೂನ್ ತಿಂಗಳ ಚಾರ್ಟನ್ನು ವಾರದ ಕ್ಯಾಂಡಲ್‌ಗಳಲ್ಲಿ ತೆರೆದು ನನ್ನ ಮುಂದಿಟ್ಟನು. ವಾರದ ಮೊದಲ ಬೆಲೆ 23,337, ಕಡೆಯ ಬೆಲೆ 23,290. ಎರಡಕ್ಕೂ ನಡುವೆ ಐವತ್ತು ಅಂಶವೂ ಇಲ್ಲವಾದ್ದರಿಂದ ಕ್ಯಾಂಡಲ್‌ನ ಒಡಲು ಪೆನ್ಸಿಲಿನಿಂದ ಎಳೆದ ಅಡ್ಡಗೀಟಿನಂತೆ ತೆಳ್ಳಗಿತ್ತು. ಅದರ ಕೆಳಗೆ ಎರಡು ಸಾವಿರ ಅಂಶ ಉದ್ದದ ಒಂದೇ ಒಂದು ಬಾಲ. ಸ್ಟಾಪ್‌ಲಾಸ್ ತೆಗೆದದ್ದು, ಎರಡು ಸಲ ಗೆರೆ ಬದಲಾಯಿಸಿದ್ದು, ಮಾರಿದ್ದು, ಎರಡು ಲಾಟು ಶಾರ್ಟ್ ಮಾಡಿದ್ದು ಎಲ್ಲವೂ ಆ ಕೂದಲೆಳೆಯಂಥ ಬಾಲದೊಳಗೇ ನಡೆದಿತ್ತು. ಎಲ್ಲಿ ಮಾರಿದೆ, ಎಲ್ಲಿ ಶಾರ್ಟ್ ಮಾಡಿದೆ ಎಂದು ಕೇಳಿದೆ. ಅವನು ಬೆರಳಿನ ತುದಿಯನ್ನು ಪರದೆಯ ಮೇಲಿಟ್ಟು ಮೇಲಕ್ಕೂ ಕೆಳಕ್ಕೂ ಸ್ವಲ್ಪ ಹೊತ್ತು ಸರಿಸಿದನು. ಬೆರಳೇ ಆ ಗೆರೆಗಿಂತ ಅಗಲವಾಗಿದ್ದುದರಿಂದ, ಅದರಡಿ ಎರಡು ಬೆಲೆಗಳೂ ಮುಚ್ಚಿಹೋಗುತ್ತಿದ್ದುವು. “ಇಲ್ಲೆಲ್ಲೋ ಇರಬೇಕು, ಮಾವ” ಎಂದು ಹೇಳಿ ಕೈ ತೆಗೆದನು.